ಹಣ ಸಮಪಾಲು, ಅಪಾಯ ಯಾರ ಪಾಲು?

(ಕೋಲಾರದಲ್ಲಿ ವಾಣಿಜ್ಯ ವಿಭಾಗದ ವಿದ್ಯಾರ್ಥಿಗಳು, ಅಧ್ಯಾಪಕರು ಮತ್ತು ಸಣ್ಣ ಹೂಡಿಕೆದಾರರ ಎದುರು ಮಾಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಇವತ್ತು ನಾನು ಮಾತಾಡುವುದು ಒಂದೇ ಒಂದು ಹಾಳೆಯ ಬಗ್ಗೆ. ಬಂಗಾರಪೇಟೆಯ ಕಡೆಯ ನಿವೃತ್ತ ಮೇಷ್ಟ್ರೊಬ್ಬರು ಅದನ್ನು ನನಗೆ ತೋರಿಸಿದರು. ಹೆಸರು ಹೇಳಬೇಡಿ ಎಂದಿದ್ದಾರೆ, ಲೆಕ್ಕ ಮಾತ್ರ ಹೇಳಿ ಎಂದು ಒಪ್ಪಿಗೆ ಕೊಟ್ಟಿದ್ದಾರೆ. ಅವರ ಬಳಿ ಇದ್ದದ್ದು 12 ಲಕ್ಷ ರೂಪಾಯಿ. ಹೂಡಿಕೆಗೆ ಮೂರು ತಂತ್ರಗಳು. ತಂತ್ರಕ್ಕೆ ನಾಲ್ಕು ಲಕ್ಷದಂತೆ ಸಮಪಾಲು. ಹಾಳೆಯ ಕೆಳಗೆ ಕೆಂಪು ಶಾಯಿಯಲ್ಲಿ ‘ಅಪಾಯವನ್ನೂ ಮೂರು ಪಾಲು ಮಾಡಿದ್ದೇನೆ’ ಎಂದು ಬರೆದುಕೊಂಡಿದ್ದರು. ಆ ಕೊನೆಯ ಸಾಲು ಎಷ್ಟು ತಪ್ಪು ಎಂಬುದೇ ಈ ಸಂಜೆಯ ವಿಷಯ.

ಮೊದಲು ಅವರ ತಂತ್ರಗಳನ್ನು ನೋಡೋಣ. ಮೊದಲನೆಯದು ಏರುಗತಿಯ ಹಿಂದೆ ಹೋಗುವುದು. ಅರ್ಧ ಹಣ ನಿಫ್ಟಿ ಇಟಿಎಫ್‌ಗೆ, ಅರ್ಧ ಚಿನ್ನದ ಇಟಿಎಫ್‌ಗೆ. ತಿಂಗಳ ಕೊನೆಯಲ್ಲಿ ಬೆಲೆ ಹತ್ತು ತಿಂಗಳ ಸರಾಸರಿಗಿಂತ ಮೇಲಿದ್ದರೆ ಹಿಡಿದುಕೊಳ್ಳುವುದು, ಕೆಳಗಿಳಿದರೆ ಮಾರಿ ಲಿಕ್ವಿಡ್ ಫಂಡಿಗೆ ಹಾಕುವುದು. ಎರಡನೆಯದು ಇದಕ್ಕೆ ತದ್ವಿರುದ್ಧ. ದೊಡ್ಡ ಕಂಪನಿಗಳ ಷೇರು ನಾಲ್ಕೈದು ದಿನ ಸತತವಾಗಿ ಬಿದ್ದರೆ ಕೊಂಡು, ಪುಟಿದೆದ್ದಾಗ ಮಾರುವುದು. ಮೂರನೆಯದು ನಿಫ್ಟಿಯ ಪುಟ್ ಆಪ್ಷನ್ ಮಾರಿ ಪ್ರೀಮಿಯಂ ಪಡೆಯುವುದು. ಅಂದರೆ, ಮಾರುಕಟ್ಟೆ ಹೆಚ್ಚು ಬೀಳುವುದಿಲ್ಲ ಎಂದು ಇನ್ನೊಬ್ಬರಿಗೆ ವಿಮೆ ಬರೆದುಕೊಡುವುದು.

ಮುಂದಿನದಕ್ಕೆ ಹೋಗುವ ಮೊದಲು ಒಂದು ಮಾತು. ಈ ಮೂರೂ ತಂತ್ರಗಳು, ದಲ್ಲಾಳಿ ಶುಲ್ಕ ಮತ್ತು ತೆರಿಗೆ ಕಳೆದ ಮೇಲೂ, ಒಂದಿಷ್ಟು ಉಳಿಸುತ್ತವೆ ಎಂದು ಇಟ್ಟುಕೊಂಡೇ ನಾನು ಮಾತಾಡುತ್ತೇನೆ. ಅದೇ ಸುಳ್ಳಾದರೆ ಮುಂದಿನ ಲೆಕ್ಕವೆಲ್ಲ ವ್ಯರ್ಥ. ಸೆಬಿ 2024ರ ಸೆಪ್ಟೆಂಬರಿನಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಹಿಂದಿನ ಮೂರು ಹಣಕಾಸು ವರ್ಷಗಳಲ್ಲಿ ಷೇರುಪೇಟೆಯ ಫ್ಯೂಚರ್ಸ್ ಮತ್ತು ಆಪ್ಷನ್ ವಹಿವಾಟು ಮಾಡಿದ ವೈಯಕ್ತಿಕ ವ್ಯಾಪಾರಿಗಳಲ್ಲಿ ಶೇಕಡಾ 93ರಷ್ಟು ಜನ ನಷ್ಟ ಅನುಭವಿಸಿದ್ದಾರೆ. ನಷ್ಟ ತರುವ ಮೂರು ತಂತ್ರಗಳನ್ನು ಎಷ್ಟೇ ಚೆಂದವಾಗಿ ಜೋಡಿಸಿದರೂ ನಷ್ಟ ನಿಧಾನವಾಗಿ, ನೆಮ್ಮದಿಯಾಗಿ ಬರುತ್ತದೆ, ಅಷ್ಟೇ.

ಈಗ ಅಪಾಯವನ್ನು ಅಳೆಯೋಣ. ಒಂದು ತಂತ್ರದ ಆದಾಯ ತನ್ನ ಸರಾಸರಿಯ ಸುತ್ತ ವರ್ಷಕ್ಕೆ ಎಷ್ಟು ಹೊಯ್ದಾಡುತ್ತದೆ ಎಂಬುದಕ್ಕೆ ಸಂಖ್ಯಾಶಾಸ್ತ್ರದಲ್ಲಿ ಪ್ರಮಾಣಿತ ವಿಚಲನೆ ಎನ್ನುತ್ತಾರೆ. ನಾನು ‘ಏರಿಳಿತ’ ಎಂದೇ ಕರೆಯುತ್ತೇನೆ. ಮೇಷ್ಟ್ರ ದಾಖಲೆಯಲ್ಲಿ ಮೊದಲ ತಂತ್ರದ ಏರಿಳಿತ ವರ್ಷಕ್ಕೆ ಶೇಕಡಾ 10, ಎರಡನೆಯದು 20, ಮೂರನೆಯದು 6. ನಾಲ್ಕು ಲಕ್ಷದ ಮೇಲೆ ಇವನ್ನು ರೂಪಾಯಿಗೆ ಇಳಿಸಿದರೆ ಕ್ರಮವಾಗಿ 40 ಸಾವಿರ, 80 ಸಾವಿರ, 24 ಸಾವಿರ.

ಇವನ್ನು ಕೂಡಿಸುವುದು ಹೇಗೆ? ಇಲ್ಲಿ ಹೈಸ್ಕೂಲಿನ ಪೈಥಾಗೊರಸ್ ಪ್ರಮೇಯವನ್ನು ನೆನಪಿಸಿಕೊಳ್ಳಿ. ಎರಡು ತಂತ್ರಗಳು ಸದಾ ಒಟ್ಟಿಗೆ ಏರಿ ಒಟ್ಟಿಗೆ ಇಳಿಯುವುದಾದರೆ 3ಕ್ಕೆ 4 ಸೇರಿ 7 ಆಗುತ್ತದೆ. ಒಂದಕ್ಕೊಂದು ಸಂಬಂಧವೇ ಇಲ್ಲದಿದ್ದರೆ ಅವು ಲಂಬಕೋನ ತ್ರಿಭುಜದ ಎರಡು ಬಾಹುಗಳಿದ್ದಂತೆ, 3ಕ್ಕೆ 4 ಸೇರಿದರೆ 5. ಸಹಸಂಬಂಧವಿಲ್ಲದ ತಂತ್ರಗಳನ್ನು ಜೋಡಿಸುವುದರಿಂದ ಬರುವ ಲಾಭವೆಲ್ಲ ಈ 7 ಮತ್ತು 5ರ ನಡುವಿನ ಅಂತರದಲ್ಲೇ ಇದೆ. ಹ್ಯಾರಿ ಮಾರ್ಕೊವಿಟ್ಜ್ 1952ರಲ್ಲಿ ಇದನ್ನು ಹೂಡಿಕೆಗೆ ಅನ್ವಯಿಸಿ ಬರೆದರು. 1990ರಲ್ಲಿ ಅದಕ್ಕಾಗಿ ಅರ್ಥಶಾಸ್ತ್ರದ ನೊಬೆಲ್ ಹಂಚಿಕೊಂಡರು.

ಮೇಷ್ಟ್ರ ಮೂರು ತಂತ್ರಗಳಿಗೆ ಪರಸ್ಪರ ಸಂಬಂಧ ಸ್ವಲ್ಪವೂ ಇಲ್ಲ ಎಂದೇ ಈಗ ಒಪ್ಪಿಕೊಳ್ಳೋಣ. 40, 80 ಮತ್ತು 24ರ ವರ್ಗಗಳನ್ನು ಕೂಡಿ ವರ್ಗಮೂಲ ತೆಗೆದರೆ ಸುಮಾರು 92,600 ರೂಪಾಯಿ. ಅದರ ಒಳಗೆ ಯಾರ ಪಾಲು ಎಷ್ಟು? ವರ್ಗಗಳು 1600, 6400, 576. ಒಟ್ಟು 8576ರಲ್ಲಿ 6400 ಎರಡನೆಯ ತಂತ್ರದ್ದು. ಅಂದರೆ ಮುಕ್ಕಾಲು ಪಾಲು. ಎರಡನೆಯ ತಂತ್ರ ಒಂದೇ ಇದ್ದಿದ್ದರೆ ಏರಿಳಿತ 80 ಸಾವಿರ. ಇನ್ನೆರಡು ಬಂದು ಸೇರಿಸಿದ್ದು ಬರೀ 12,600. ಹಣ ಮೂರು ಕಡೆ ಇತ್ತು, ಆದರೆ ವರ್ಷದ ಫಲಿತಾಂಶವನ್ನು ನಿರ್ಧರಿಸುತ್ತಿದ್ದುದು ಒಂದೇ ತಂತ್ರ.

ಇದಕ್ಕೆ ಎಲ್ಲರೂ ಹೇಳುವ ಪರಿಹಾರವೆಂದರೆ ಏರಿಳಿತಕ್ಕೆ ವಿಲೋಮವಾಗಿ ಹಣ ಹಂಚುವುದು. ಹೆಚ್ಚು ಕುಣಿಯುವುದಕ್ಕೆ ಕಡಿಮೆ, ಕಡಿಮೆ ಕುಣಿಯುವುದಕ್ಕೆ ಹೆಚ್ಚು. ಲೆಕ್ಕ ಕಷ್ಟದ್ದಲ್ಲ. 1ನ್ನು 10ರಿಂದ, 20ರಿಂದ, 6ರಿಂದ ಭಾಗಿಸಿ, ಬಂದ ಮೂರು ಸಂಖ್ಯೆಗಳ ಅನುಪಾತದಲ್ಲಿ 12 ಲಕ್ಷವನ್ನು ಹಂಚಬೇಕು. ಮೊದಲನೆಯದಕ್ಕೆ 3.79 ಲಕ್ಷ, ಎರಡನೆಯದಕ್ಕೆ 1.89 ಲಕ್ಷ, ಮೂರನೆಯದಕ್ಕೆ 6.32 ಲಕ್ಷ. ಈಗ ಪ್ರತಿಯೊಂದರ ಏರಿಳಿತವೂ ಸುಮಾರು 37,900 ರೂಪಾಯಿ. ಒಟ್ಟು 65,600. ಮೊದಲಿದ್ದ 92,600ಕ್ಕೆ ಹೋಲಿಸಿದರೆ ಕಾಗದದ ಮೇಲೆ ದೊಡ್ಡ ಗೆಲುವು.

ಮೇಷ್ಟ್ರು ಈ ಲೆಕ್ಕವನ್ನು ತಾವೇ ಮಾಡಿಕೊಂಡು ಎರಡನೆಯ ಸಲ ನನ್ನ ಮನೆಗೆ ಬಂದರು. ತುಂಬ ಖುಷಿಯಲ್ಲಿದ್ದರು. ನನಗೆ ಭಯವಾಯಿತು. ಏಕೆಂದರೆ ಅವರ ಹಣದ ಅರ್ಧಕ್ಕಿಂತ ಹೆಚ್ಚು ಈಗ ಆಪ್ಷನ್ ಮಾರಾಟಕ್ಕೆ ಹೋಗಿತ್ತು.

ಆಪ್ಷನ್ ಮಾರುವವನ ಏರಿಳಿತ ಶೇಕಡಾ 6 ಎಂದು ಕಾಣುವುದು ಕೆಟ್ಟ ದಿನ ಇನ್ನೂ ದಾಖಲೆಯಲ್ಲಿ ಸೇರಿಲ್ಲವಾದ್ದರಿಂದ. ವಾರವಾರವೂ ಚಿಕ್ಕ ಪ್ರೀಮಿಯಂ ಬರುತ್ತದೆ, ಗೆರೆ ನೇರವಾಗಿ ಮೇಲೆ ಹೋಗುತ್ತದೆ. ಏರಿಳಿತ ಎಂಬ ಅಳತೆಗೋಲಿಗೆ ಕಾಣುವುದು ಆದ ಹೊಯ್ದಾಟ ಮಾತ್ರ, ಆಗಬಹುದಾದ ಕುಸಿತ ಅದಕ್ಕೆ ಕಾಣುವುದಿಲ್ಲ. ಆದ್ದರಿಂದ ವಿಲೋಮ ಹಂಚಿಕೆಯ ಸೂತ್ರವು ಯಾವ ತಂತ್ರ ತನ್ನ ಅಪಾಯವನ್ನು ಚೆನ್ನಾಗಿ ಬಚ್ಚಿಟ್ಟುಕೊಂಡಿದೆಯೋ ಅದನ್ನೇ ಹುಡುಕಿ ಹೆಚ್ಚು ಹಣ ಕೊಡುತ್ತದೆ. ಈ ಕ್ಷೇತ್ರದಲ್ಲಿ ನಾನು ಕಂಡ ತಪ್ಪುಗಳಲ್ಲಿ ಇದೇ ಅತಿ ದುಬಾರಿಯಾದದ್ದು.

ಒಂದು ನಿಜವಾದ ದಿನವನ್ನು ತೆಗೆದುಕೊಳ್ಳೋಣ. 2024ರ ಜೂನ್ 4, ಲೋಕಸಭಾ ಚುನಾವಣೆಯ ಮತ ಎಣಿಕೆ. ಹಿಂದಿನ ದಿನ ಮತಗಟ್ಟೆ ಸಮೀಕ್ಷೆಗಳನ್ನು ನಂಬಿ ನಿಫ್ಟಿ ಶೇಕಡಾ 3ಕ್ಕೂ ಹೆಚ್ಚು ಏರಿತ್ತು. ಎಣಿಕೆಯ ದಿನ ಒಂದೇ ದಿನಕ್ಕೆ ಸುಮಾರು ಶೇಕಡಾ 5.9 ಬಿತ್ತು. ನಾವು ಲೆಕ್ಕಕ್ಕೆ 6 ಎಂದು ಇಟ್ಟುಕೊಳ್ಳೋಣ. ಅಂಥ ದಿನ ಮೂರೂ ತಂತ್ರಗಳಿಗೆ ಏನಾಗುತ್ತದೆ?

ಮೊದಲನೆಯದರಲ್ಲಿ ಅರ್ಧ ಮಾತ್ರ ನಿಫ್ಟಿ. ಚಿನ್ನ ಇದ್ದಲ್ಲೇ ಇದೆ ಎಂದುಕೊಂಡರೆ ನಷ್ಟ ಶೇಕಡಾ 3. ಎರಡನೆಯದರಲ್ಲಿರುವುದು ಆಗಲೇ ಬಿದ್ದ ಎರಡು ಮೂರು ಷೇರು, ಅವು ಸೂಚ್ಯಂಕಕ್ಕಿಂತ ಜೋರಾಗಿ ಬೀಳುತ್ತವೆ. ಶೇಕಡಾ 8 ಎಂದಿಡೋಣ. ಮೂರನೆಯದಕ್ಕೆ ಸ್ವಲ್ಪ ವಿವರ ಬೇಕು. ಸೂಚ್ಯಂಕದ ಒಂದು ಒಪ್ಪಂದದ ಮೌಲ್ಯ ಕನಿಷ್ಠ 15 ಲಕ್ಷ ಇರಬೇಕೆಂದು ಸೆಬಿ 2024ರ ಅಕ್ಟೋಬರಿನಲ್ಲಿ ಗೊತ್ತುಮಾಡಿತು. ಮೇಷ್ಟ್ರು ನಾಲ್ಕು ಲಕ್ಷಕ್ಕೆ ಒಂದು ಲಾಟ್, ಅಂದರೆ ಅಂಥ ಒಂದು ಒಪ್ಪಂದದಷ್ಟು, ಪುಟ್ ಮಾರುತ್ತಿದ್ದರು, ಮಾರುಕಟ್ಟೆಗಿಂತ ಶೇಕಡಾ 2 ಕೆಳಗಿನ ಸ್ಟ್ರೈಕಿನಲ್ಲಿ. ಸೂಚ್ಯಂಕ ಆ ಮಟ್ಟದಿಂದ ಎಷ್ಟು ಕೆಳಗಿಳಿಯುತ್ತದೋ ಅಷ್ಟು ನಷ್ಟ ಅವರದು. ಮಾರುಕಟ್ಟೆ 6 ಬಿದ್ದರೆ ಅವರ ಮೇಲೆ ಬೀಳುವುದು 4. ಹದಿನೈದು ಲಕ್ಷಕ್ಕೆ ಶೇಕಡಾ 4 ಎಂದರೆ 60 ಸಾವಿರ, ಅಂದರೆ ತೊಡಗಿಸಿದ ನಾಲ್ಕು ಲಕ್ಷದ ಶೇಕಡಾ 15. ಪಡೆದ ಪ್ರೀಮಿಯಂ ಸ್ವಲ್ಪ ಕಳೆಯುತ್ತದೆ, ಗಾಬರಿಯಲ್ಲಿ ಆಪ್ಷನ್ ಬೆಲೆ ಉಬ್ಬುವುದರಿಂದ ಅದಕ್ಕಿಂತ ಹೆಚ್ಚು ಸೇರುತ್ತದೆ.

ಮೇಷ್ಟ್ರ ‘ಸುಧಾರಿಸಿದ’ ಹಂಚಿಕೆಯನ್ನು ಈ ದಿನಕ್ಕೆ ಒಡ್ಡಿ ನೋಡಿ. ಮೊದಲನೆಯದರಿಂದ 11,400, ಎರಡನೆಯದರಿಂದ 15,100, ಮೂರನೆಯದರಿಂದ 94,800. ಒಟ್ಟು 1,21,300, ಬಂಡವಾಳದ ಶೇಕಡಾ 10ಕ್ಕಿಂತ ಹೆಚ್ಚು, ಒಂದೇ ದಿನದಲ್ಲಿ. ಮೊದಲಿನ ಸಮಪಾಲಿನ ಹಾಳೆಯನ್ನು ಹಾಗೇ ಬಿಟ್ಟಿದ್ದರೆ 1,04,000 ಆಗುತ್ತಿತ್ತು. ಅಪಾಯ ನೋಡಿ ಹಂಚಿದ್ದೇ ಅಪಾಯವನ್ನು ಹೆಚ್ಚಿಸಿತು.

ಆ ಜೂನ್ 4ರಂದು ಬಿದ್ದ ಮಾರುಕಟ್ಟೆ ಮೂರೇ ದಿನದಲ್ಲಿ, ಜೂನ್ 7ರ ಹೊತ್ತಿಗೆ, ಬೀಳುವ ಮುಂಚಿನ ಮಟ್ಟಕ್ಕೆ ಮರಳಿತು. ಇಟಿಎಫ್ ಹಿಡಿದವರು ಚಹಾ ಕುಡಿದು ಮರೆತರು. ಬ್ರೋಕರ್ ಬಳಿ ಇಡಬೇಕಾದ ಠೇವಣಿ, ಅಂದರೆ ಮಾರ್ಜಿನ್, ಸಾಲದೆ ಅವರಿಂದ ವಹಿವಾಟು ನಷ್ಟದಲ್ಲೇ ಮುಚ್ಚಿಸಿಕೊಂಡವರಿಗೆ ಆ ಮೂರು ದಿನ ಇರಲೇ ಇಲ್ಲ.

ಈಗ ಸಹಸಂಬಂಧಕ್ಕೆ ಬರೋಣ. ಸಂಬಂಧವೇ ಇಲ್ಲ ಎಂದು ನಾವು ಸುಮ್ಮನೆ ಒಪ್ಪಿಕೊಂಡಿದ್ದೆವಲ್ಲ, ಅದನ್ನು ಪರೀಕ್ಷಿಸಬೇಕು. ಕೋಲಾರದವರಿಗೆ ಇದನ್ನು ನಾನು ಹೇಳಿಕೊಡಬೇಕಾಗಿಲ್ಲ. ಟೊಮೆಟೊ, ದಪ್ಪ ಮೆಣಸಿನಕಾಯಿ, ಬೀನ್ಸ್ ಮೂರನ್ನೂ ಹಾಕಿದ ರೈತ ಮೂರು ಬೆಳೆ ಹಾಕಿದ್ದೇನೆ ಎನ್ನಬಹುದು. ಆದರೆ ಮೂರಕ್ಕೂ ನೀರು ಒಂದೇ ಕೊಳವೆಬಾವಿಯದು. 2023ರ ಜುಲೈನಲ್ಲಿ ಇಲ್ಲಿಯ ಮಾರುಕಟ್ಟೆಯಲ್ಲಿ 15 ಕಿಲೋ ಟೊಮೆಟೊ ಬಾಕ್ಸ್ ಎರಡು ಸಾವಿರ ರೂಪಾಯಿ ದಾಟಿದ್ದನ್ನೂ ಕಂಡಿದ್ದೇವೆ, ಬೆಲೆ ಬಿದ್ದಾಗ ಕೀಳುವ ಕೂಲಿ ಹುಟ್ಟದೆ ರಸ್ತೆ ಬದಿಗೆ ಸುರಿದದ್ದನ್ನೂ ಕಂಡಿದ್ದೇವೆ. ಅದೇ ರೈತ ಹಿಪ್ಪುನೇರಳೆ ಹಾಕಿ, ಎರಡು ಸೀಮೆ ಹಸು ಕಟ್ಟಿದರೆ ಕತೆ ಸ್ವಲ್ಪ ಬೇರೆ, ಗೂಡಿನ ಬೆಲೆಗೂ ಟೊಮೆಟೊ ಬೆಲೆಗೂ ನಂಟಿಲ್ಲ. ಆದರೂ 2020ರ ಮಾರ್ಚಿನ ಲಾಕ್‌ಡೌನ್‌ನಲ್ಲಿ ಏನಾಯಿತು? ಟೊಮೆಟೊಗೂ ಚಿಕ್ಕಬಳ್ಳಾಪುರದ ದ್ರಾಕ್ಷಿಗೂ ಹೂವಿಗೂ ಒಟ್ಟಿಗೇ ಕೊಳ್ಳುವವರಿಲ್ಲದಂತಾಯಿತು. ಡೇರಿಗೆ ಹಾಲು ಹೋಗುವುದು ಮಾತ್ರ ನಿಲ್ಲಲಿಲ್ಲ. ಬೆಲೆಗಳ ಹಳೆಯ ಪಟ್ಟಿ ನೋಡಿ ಇದನ್ನು ಯಾರೂ ಊಹಿಸಲಾರರು. ಹಾಲಿನ ಲಾರಿ ಯಾಕೆ ಓಡುತ್ತದೆ, ಹೂವಿನ ಲಾರಿ ಯಾಕೆ ನಿಲ್ಲುತ್ತದೆ ಎಂದು ಕಾರಣ ಕೇಳಿದ್ದರೆ ಊಹಿಸಬಹುದಿತ್ತು.

ಮೇಷ್ಟ್ರ ಎರಡನೆಯ ಮತ್ತು ಮೂರನೆಯ ತಂತ್ರಗಳಿಗೆ ಅದೇ ಪ್ರಶ್ನೆ ಕೇಳಿ. ಬಿದ್ದ ಷೇರು ಕೊಳ್ಳುವವನು ‘ಇನ್ನು ಬೀಳುವುದಿಲ್ಲ’ ಎಂದು ಪಣ ಕಟ್ಟುತ್ತಾನೆ. ಪುಟ್ ಮಾರುವವನೂ ಅದನ್ನೇ ಹೇಳುತ್ತಾನೆ. ಹೆಸರು ಎರಡು, ಕೊಳವೆಬಾವಿ ಒಂದು.

ಆದರೆ ಅವರ ಹಾಳೆಯಲ್ಲಿ ಈ ಎರಡರ ದೈನಂದಿನ ಸಹಸಂಬಂಧ 0.38 ಎಂದಿತ್ತು. ಸೊನ್ನೆ ಎಂದರೆ ನಂಟೇ ಇಲ್ಲ, 1 ಎಂದರೆ ಸದಾ ಒಟ್ಟಿಗೆ. ‘ಅಷ್ಟೇನಿಲ್ಲವಲ್ಲ’ ಎಂದರು ಮೇಷ್ಟ್ರು. ಇಲ್ಲೊಂದು ಬಲೆ ಇದೆ. ಎರಡನೆಯ ತಂತ್ರ ವರ್ಷದ 250 ವಹಿವಾಟಿನ ದಿನಗಳಲ್ಲಿ ಸುಮಾರು 100 ದಿನ ಮಾತ್ರ ಷೇರು ಹಿಡಿದಿರುತ್ತದೆ. ಉಳಿದ 150 ದಿನ ಅದರ ಆದಾಯ ಸೊನ್ನೆ. ಆ ಸೊನ್ನೆಗಳು ಸಹಸಂಬಂಧವನ್ನು ನೀರು ಬೆರೆಸಿದ ಹಾಲಿನಂತೆ ತೆಳ್ಳಗೆ ಮಾಡುತ್ತವೆ. ಎಷ್ಟು ತೆಳ್ಳಗೆ ಎಂಬುದಕ್ಕೆ ಒರಟು ಲೆಕ್ಕವಿದೆ. ತಂತ್ರ ಚಾಲ್ತಿಯಲ್ಲಿರುವ ದಿನಗಳ ಭಾಗದ ವರ್ಗಮೂಲದಿಂದ ನಿಜವಾದ ಸಂಖ್ಯೆಯನ್ನು ಗುಣಿಸಿದಷ್ಟು. ಇಲ್ಲಿ ಭಾಗ 0.4, ಅದರ ವರ್ಗಮೂಲ 0.63. ಆದ್ದರಿಂದ ಎರಡೂ ತಂತ್ರ ಕಣದಲ್ಲಿರುವ ದಿನಗಳ ನಿಜವಾದ ಸಹಸಂಬಂಧ 0.6. ಮೇಷ್ಟ್ರ ಬಳಿ ಕುಳಿತು ಸೊನ್ನೆ ದಿನಗಳನ್ನು ತೆಗೆದು ಮತ್ತೆ ಲೆಕ್ಕ ಹಾಕಿದಾಗ ಹೆಚ್ಚುಕಡಿಮೆ ಅದೇ ಬಂತು.

ಸಹಸಂಬಂಧದ ಸಂಖ್ಯೆಯನ್ನೇ ಅತಿಯಾಗಿ ನಂಬಬೇಡಿ ಎಂದೂ ಹೇಳುತ್ತೇನೆ. ಎರಡು ವರ್ಷದ ಮಾಸಿಕ ಲೆಕ್ಕ ಎಂದರೆ 24 ಅಂಕಿಗಳು. ಅದರಿಂದ ಬಂದ ಸಹಸಂಬಂಧದಲ್ಲಿ ಸುಮಾರು 0.2ರಷ್ಟು ಪ್ರಮಾಣಿತ ದೋಷ ಇರುತ್ತದೆ. 0.1 ಎಂದು ಕಂಡದ್ದು 0.5 ಇದ್ದರೂ ಆಶ್ಚರ್ಯವಿಲ್ಲ. ನಾನು ಮೂರು ವರ್ಷದ ವಾರದ ಅಂಕಿಗಳನ್ನು ಬಳಸುತ್ತೇನೆ, ದೋಷ 0.08ಕ್ಕೆ ಇಳಿಯುತ್ತದೆ. ಅದಕ್ಕಿಂತ ಮುಖ್ಯವಾಗಿ, ಒಂದು ತಂತ್ರದ ಅತಿ ಕೆಟ್ಟ ಹತ್ತು ವಾರಗಳನ್ನು ಆರಿಸಿ, ಅದೇ ವಾರಗಳಲ್ಲಿ ಉಳಿದವು ಏನು ಮಾಡಿದವು ಎಂದು ಕೈಯಾರೆ ಬರೆದುಕೊಳ್ಳುತ್ತೇನೆ. ಹತ್ತರಲ್ಲಿ ಏಳೆಂಟು ವಾರ ಇನ್ನೊಂದೂ ನಷ್ಟದಲ್ಲಿದ್ದರೆ, ಸರಾಸರಿ ಸಹಸಂಬಂಧ ಏನೇ ಇರಲಿ, ಅವೆರಡನ್ನೂ ಒಂದೇ ತಂತ್ರ ಎಂದು ಎಣಿಸುತ್ತೇನೆ.

ಸಭೆಯಲ್ಲಿದ್ದ ವಿದ್ಯಾರ್ಥಿನಿಯೊಬ್ಬರು ಇಲ್ಲಿ ಕೇಳಿದರು: “ಸರ್, ಹಾಗಾದರೆ ಮೂರರ ಬದಲು ಹತ್ತು ತಂತ್ರ ಇಟ್ಟುಕೊಂಡರೆ ಆಗುವುದಿಲ್ಲವೇ?” ಒಳ್ಳೆಯ ಪ್ರಶ್ನೆ. ಎಲ್ಲ ತಂತ್ರಗಳಿಗೂ ಸಮ ಅಪಾಯ ಕೊಟ್ಟು, ಅವುಗಳ ನಡುವಿನ ಸರಾಸರಿ ಸಹಸಂಬಂಧ ρ ಆಗಿದ್ದರೆ, N ತಂತ್ರಗಳು ನಿಜಕ್ಕೂ ಎಷ್ಟು ಸ್ವತಂತ್ರ ತಂತ್ರಗಳಿಗೆ ಸಮ ಎಂಬುದನ್ನು ಹೀಗೆ ಲೆಕ್ಕ ಹಾಕಬಹುದು:

```
N / (1 + (N − 1) × ρ)
```

ಹತ್ತು ತಂತ್ರ, ಸಹಸಂಬಂಧ 0.25 ಎಂದಿಟ್ಟರೆ ಉತ್ತರ ಸುಮಾರು 3. ತಂತ್ರಗಳನ್ನು ಸಾವಿರಕ್ಕೆ ಏರಿಸಿದರೂ ಅದು 4 ದಾಟುವುದಿಲ್ಲ. ಹತ್ತನೆಯ ತಂತ್ರ ಹುಡುಕುವ ಶ್ರಮವನ್ನು, ಇರುವ ಮೂರಕ್ಕೆ ನಿಜವಾಗಿ ಬೇರೆಯಾದ ಒಂದನ್ನು ಹುಡುಕುವುದಕ್ಕೆ ಹಾಕುವುದು ಮೇಲು.

ಮೇಷ್ಟ್ರ ಮೊದಲ ತಂತ್ರ ಆ ಬೇರೆಯಾದದ್ದೇ? ಭಾಗಶಃ. 2020ರ ಜನವರಿಯಲ್ಲಿ 12,300 ದಾಟಿದ್ದ ನಿಫ್ಟಿ ಮಾರ್ಚ್ 23ರಂದು 7,610ಕ್ಕೆ ಇಳಿಯಿತು. ಬೀಳಲು ವಾರಗಳು ಹಿಡಿದದ್ದರಿಂದ, ಫೆಬ್ರುವರಿಯ ಕೊನೆಯಲ್ಲಿ ಸರಾಸರಿಯ ಕೆಳಗೆ ಮುಚ್ಚಿದಾಗ ಹೊರಬರಲು ಇಂಥ ನಿಯಮಕ್ಕೆ ಅವಕಾಶ ಸಿಕ್ಕಿತು. ಆದರೆ 2024ರ ಜೂನ್ 4ರಂಥ ದಿನ ಬೆಲೆ ಸರಾಸರಿಗಿಂತ ಎಷ್ಟೋ ಮೇಲಿತ್ತು, ತಂತ್ರ ಪೂರ್ತಿ ಒಳಗಿತ್ತು. ನಿಧಾನದ ಇಳಿತಕ್ಕೆ ಅದು ಕೊಡೆ, ಒಮ್ಮೆಲೆ ಬಡಿಯುವ ಸಿಡಿಲಿಗೆ ಏನೂ ಅಲ್ಲ.

ಹಾಗಾದರೆ ಹಂಚುವುದು ಹೇಗೆ? ನಾವು ಕೊನೆಗೆ ಮಾಡಿದ್ದನ್ನು ಹೇಳುತ್ತೇನೆ. ಪ್ರತಿ ತಂತ್ರಕ್ಕೂ ಎರಡು ಅಳತೆ ಬರೆದೆವು, ವಾರ್ಷಿಕ ಏರಿಳಿತ ಒಂದು, ಶೇಕಡಾ 6ರ ಆ ಕೆಟ್ಟ ದಿನದ ನಷ್ಟ ಇನ್ನೊಂದು. ಎರಡರಲ್ಲಿ ದೊಡ್ಡದನ್ನು ಆ ತಂತ್ರದ ಅಪಾಯ ಎಂದು ಹಿಡಿದೆವು. ಮೊದಲನೆಯದಕ್ಕೆ 10, ಎರಡನೆಯದಕ್ಕೆ 20 ಹಾಗೇ ಉಳಿದವು. ಮೂರನೆಯದು 6ರಿಂದ 15ಕ್ಕೆ ಹಾರಿತು. ಮತ್ತೆ ವಿಲೋಮವಾಗಿ ಹಂಚಿದಾಗ 5.54 ಲಕ್ಷ, 2.77 ಲಕ್ಷ, 3.69 ಲಕ್ಷ ಬಂತು. ಕೆಟ್ಟ ದಿನದ ನಷ್ಟ ಆಗಲೂ 94 ಸಾವಿರದಷ್ಟಿತ್ತು.

ಆಗ ನಾನು ಮೇಷ್ಟ್ರನ್ನು ಕೇಳಿದೆ, “ಒಂದೇ ದಿನ ಎಷ್ಟು ಹೋದರೆ ನಿಮಗೆ ರಾತ್ರಿ ನಿದ್ದೆ ಬರುತ್ತದೆ?” ತುಂಬ ಹೊತ್ತು ಯೋಚಿಸಿ ಅರವತ್ತು ಸಾವಿರ ಎಂದರು, ಶೇಕಡಾ 5. ಮೊದಲೆರಡು ತಂತ್ರಗಳಿಂದಲೇ ಆ ದಿನ 38,800 ಹೋಗುತ್ತದೆ. ಉಳಿದ 21,200 ಮಾತ್ರ ಆಪ್ಷನ್ನಿನ ಪಾಲು. ಶೇಕಡಾ 15ರ ಲೆಕ್ಕದಲ್ಲಿ ಅದು 1.41 ಲಕ್ಷ ಬಂಡವಾಳಕ್ಕೆ ಸಮ.

ಇಲ್ಲಿ ಕಾಗದದ ಗಣಿತ ವಾಸ್ತವಕ್ಕೆ ಡಿಕ್ಕಿ ಹೊಡೆಯಿತು. ಲಾಟನ್ನು ಮೂರನೇ ಒಂದು ಭಾಗ ಮಾಡಿ ಮಾರಲು ಬರುವುದಿಲ್ಲ. 15 ಲಕ್ಷದ ಒಪ್ಪಂದಕ್ಕೆ ರಕ್ಷಣೆಯಿಲ್ಲದೆ ಪುಟ್ ಮಾರಲು 1.41 ಲಕ್ಷ ಮಾರ್ಜಿನ್ ಸಾಲುವುದೂ ಕಷ್ಟ. ಅದೂ ಅಲ್ಲದೆ, 2020ರ ಮಾರ್ಚ್ 23ರಂತೆ ಒಂದೇ ದಿನ ಶೇಕಡಾ 13 ಬಿದ್ದರೆ ಆ ಒಂದು ಲಾಟಿನಿಂದಲೇ 1.65 ಲಕ್ಷ ಹೋಗುತ್ತದೆ. ಅದಕ್ಕೆ ಮಾಡಿದ ಉಪಾಯ ಸ್ಪ್ರೆಡ್. ಒಂದು ಪುಟ್ ಮಾರಿ, ಅದಕ್ಕಿಂತ ಕೆಳಗಿನ ಸ್ಟ್ರೈಕಿನ ಇನ್ನೊಂದನ್ನು ಕೊಂಡಿಡುವುದು. ಎರಡು ಸ್ಟ್ರೈಕ್‌ಗಳ ಅಂತರವನ್ನು ಲಾಟ್ ಗಾತ್ರದಿಂದ ಗುಣಿಸಿ, ಕೈಗೆ ಬಂದ ನಿವ್ವಳ ಪ್ರೀಮಿಯಂ ಕಳೆದರೆ ಅದೇ ಗರಿಷ್ಠ ನಷ್ಟ. ಅದು 21,200 ಮೀರದಂತೆ ಅಂತರವನ್ನು ಆರಿಸಿದೆವು. ಪ್ರೀಮಿಯಂ ಆದಾಯ ಗಣನೀಯವಾಗಿ ಇಳಿಯಿತು. ಮೇಷ್ಟ್ರ ಮುಖವೂ ಇಳಿಯಿತು.

ಹೀಗೆ ಹಂಚಿದ ಮೇಲೆ ಒಟ್ಟು ಏರಿಳಿತ, ತಂತ್ರಗಳಿಗೆ ಪರಸ್ಪರ ಸಂಬಂಧವಿಲ್ಲ ಎಂಬ ಎಣಿಕೆಯ ಮೇಲೆ, ಸುಮಾರು 79 ಸಾವಿರ, ವರ್ಷಕ್ಕೆ ಶೇಕಡಾ 6.6. ತಿಂಗಳಿಗೆ ಇಳಿಸಲು 12ರ ವರ್ಗಮೂಲದಿಂದ ಭಾಗಿಸಿದರೆ ಸುಮಾರು 22,800 ರೂಪಾಯಿ. ಈ ಸಂಖ್ಯೆಯನ್ನು ಹಾಳೆಯ ಮೇಲ್ಭಾಗದಲ್ಲಿ ಬರೆದಿಡಲು ಹೇಳಿದೆ. ಎಣಿಕೆ ಸರಿಯಿದ್ದರೆ ಇದರ ಎರಡರಷ್ಟು, ಅಂದರೆ 45 ಸಾವಿರ ದಾಟಿದ ನಷ್ಟದ ತಿಂಗಳು ಮೂರು ನಾಲ್ಕು ವರ್ಷಕ್ಕೊಮ್ಮೆ ಬರಬೇಕು. ಒಂದೇ ವರ್ಷದಲ್ಲಿ ಎರಡು ಸಲ ಬಂದರೆ ಯಾವುದೋ ಸಹಸಂಬಂಧವನ್ನೋ ಏರಿಳಿತವನ್ನೋ ನಾವು ಕಡಿಮೆ ಅಂದಾಜು ಮಾಡಿದ್ದೇವೆ ಎಂದೇ ಅರ್ಥ. ಆಗ ಮೊದಲು ಗಾತ್ರ ಅರ್ಧಕ್ಕೆ ಇಳಿಸಿ, ಆಮೇಲೆ ಕಾರಣ ಹುಡುಕಬೇಕು.

ಮರುಹಂಚಿಕೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಏರಿಳಿತವನ್ನು ಕಳೆದ ಎರಡು ತಿಂಗಳ ಅಂಕಿಗಳಿಂದ ಮಾತ್ರ ಅಳೆಯಬೇಡಿ. ಮಾರುಕಟ್ಟೆ ಶಾಂತವಾದಷ್ಟೂ ಸೂತ್ರ ಹೆಚ್ಚು ಹಣ ಹಾಕು ಎನ್ನುತ್ತದೆ, ಗಾಳಿ ಬೀಸುವ ಹಿಂದಿನ ದಿನ ನಿಮ್ಮ ಗಾತ್ರ ಅತಿ ದೊಡ್ಡದಾಗಿರುತ್ತದೆ. ಅರ್ಧ ತೂಕ ಕಳೆದ ವರ್ಷದ್ದು, ಅರ್ಧ ತೂಕ ಪೂರ್ಣ ದಾಖಲೆಯದ್ದು ಎಂದಿಟ್ಟುಕೊಳ್ಳಿ. ಒಂದು ತಂತ್ರದ ಪಾಲು ತನ್ನ ಗುರಿಗಿಂತ ಕಾಲು ಭಾಗದಷ್ಟು ಸರಿಯುವವರೆಗೆ ಮುಟ್ಟಬೇಡಿ. ವರ್ಷದೊಳಗೆ ಮಾರಿದ ಷೇರಿನ ಲಾಭಕ್ಕೆ 2024ರ ಜುಲೈ 23ರಿಂದ ಶೇಕಡಾ 20 ತೆರಿಗೆ ಇದೆ, ಪ್ರತಿ ವಾರ ಸರಿಪಡಿಸುತ್ತ ಕುಳಿತರೆ ಉಳಿಯುವುದೇನು?

ಕೊನೆಗೆ ಮೇಷ್ಟ್ರ ಹಾಳೆಯಲ್ಲಿ 5.54, 2.77 ಮತ್ತು 1.41 ಲಕ್ಷ ಬರೆದ ಮೇಲೆ ಇನ್ನೂ 2.28 ಲಕ್ಷ ಉಳಿಯಿತು. ಅದನ್ನು ಯಾವ ತಂತ್ರಕ್ಕೆ ಕೊಡಬೇಕು ಎಂದು ಕೇಳಿದರು. ಯಾವುದಕ್ಕೂ ಬೇಡ, ಲಿಕ್ವಿಡ್ ಫಂಡಿನಲ್ಲಿರಲಿ ಎಂದೆ. “ಐದನೇ ಒಂದು ಭಾಗ ಸುಮ್ಮನೆ ಮಲಗಿರಬೇಕೇ?” ಎಂದರು. ಅರವತ್ತು ಸಾವಿರದ ಗೆರೆ ನೀವೇ ಎಳೆದದ್ದಲ್ಲವೇ ಎಂದು ಕೇಳಿದೆ. ಆ ಚರ್ಚೆ ಇನ್ನೂ ಮುಗಿದಿಲ್ಲ. ಹೋದ ತಿಂಗಳು ಫೋನ್ ಮಾಡಿ, ಗೆರೆಯನ್ನು ಎಪ್ಪತ್ತು ಸಾವಿರಕ್ಕೆ ಏರಿಸಿದರೆ ಸ್ಪ್ರೆಡ್‌ನ ಅಂತರ ಎಷ್ಟು ಹಿಗ್ಗಿಸಬಹುದು ಎಂದು ವಿಚಾರಿಸಿದರು.